ಶೇಂಗಾ ತೂಕ, ತೇವಾಂಶದ ಕಡಿತಕ್ಕೆ ಆಕ್ಷೇಪಣೆ ಮತ್ತು ಬಾಕಿ 28,565 ರೂ. ಪಾವತಿ ಕುರಿತು

ದಿನಾಂಕ: 24.11.2025
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಗೆ,
ಮಾಲೀಕರು, ಶೇಂಗಾ ಖರೀದಿ ವಿಭಾಗ,
ಎಣ್ಣೆ ಗಿರಣಿ, ಚಳ್ಳಕೆರೆ

ಮಾನ್ಯರೇ,

12.11.2025ರಂದು ನಿಮ್ಮ ಗಿರಣಿಗೆ 120 ಗೋಣಿಚೀಲ ಟಿಎಂವಿ-2 ಶೇಂಗಾಕಾಯಿ ಇಳಿಸಿದ್ದೇನೆ. 14ರಂದು 2,61,310 ರೂ. ನನ್ನ ಖಾತೆಗೆ ಜಮಾ ಆಗಿದೆ. ಅದರ ಜೊತೆ ಕಳಿಸಿದ ಲೆಕ್ಕದ ಚೀಟಿಯನ್ನು ಸಾಲು ಸಾಲಾಗಿ ನೋಡಿದ್ದೇನೆ. ಅದರಲ್ಲಿ ನಾಲ್ಕು ಕಡಿತಗಳನ್ನು ನಾನು ಒಪ್ಪುವುದಿಲ್ಲ. ಹಮಾಲಿ 1,440 ರೂ. ಸರಿಯಿದೆ. ಕಸ ಶೇ. 1.5 ಎಂದು ಬರೆದಿದ್ದೀರಿ. ಮಾತಾಗಿದ್ದ ಶೇ. 2ರ ಮಿತಿಯೊಳಗೇ ಇರುವುದರಿಂದ ಅದಕ್ಕೆ ನೀವೂ ಕಡಿತ ಹಾಕಿಲ್ಲ. ಅವೆರಡರ ಬಗ್ಗೆ ತಕರಾರಿಲ್ಲ.

ವ್ಯಾಪಾರ ಕುದುರಿದಾಗ ನಿಮ್ಮ ಖರೀದಿ ಗುಮಾಸ್ತರು ಬರೆದುಕೊಟ್ಟ ಚೀಟಿಯಲ್ಲಿ ಹೀಗಿದೆ: ಕ್ವಿಂಟಲ್‌ಗೆ 6,400 ರೂ.; ತೇವಾಂಶ ಶೇ. 8ರವರೆಗೆ ಪೂರ್ತಿ ತೂಕ. ಮೇಲಿದ್ದರೆ ಹೆಚ್ಚುವರಿ ನೀರಿನಷ್ಟೇ ತೂಕ ಕಡಿಮೆ. ಇದರ ಮತ್ತು ಮೇಲೆ ಹೇಳಿದ ಕಸದ ಮಿತಿಯ ಹೊರತು ಬೇರೆ ಷರತ್ತು ಇಲ್ಲ.

ಮೊದಲು ತೂಕ. ನಿಮ್ಮ ಗಿರಣಿಗೆ ಬರುವ ಮೊದಲು ಸಾರ್ವಜನಿಕ ವೇಬ್ರಿಡ್ಜ್‌ನಲ್ಲಿ ತುಂಬಿದ ಲಾರಿ 8,140 ಕೆ.ಜಿ. ತೂಗಿದೆ. ಇಳಿಸಿದ ಮೇಲೆ ಅದೇ ವೇಬ್ರಿಡ್ಜ್‌ನಲ್ಲಿ ಖಾಲಿ ಲಾರಿ 3,420 ಕೆ.ಜಿ. ಎರಡು ಸಲವೂ ಚಾಲಕ ಸೀಟಿನಲ್ಲೇ ಇದ್ದ, ಟಾರ್ಪಾಲು ಹಗ್ಗ ಲಾರಿಯ ಮೇಲೇ ಇದ್ದವು, ನಡುವೆ ಡೀಸೆಲ್ ಹಾಕಿಸಿಲ್ಲ. ಹಾಗಾಗಿ ಚೀಲ ಸೇರಿ ಮಾಲು 4,720 ಕೆ.ಜಿ. ನಿಮ್ಮ ಕಾಟಾದಲ್ಲಿ ಬಂದಿರುವುದು 4,668. ವೇಬ್ರಿಡ್ಜ್ 10 ಕೆ.ಜಿ. ಹಂತದಲ್ಲಿ ಅಂಕಿ ತೋರಿಸುತ್ತದೆ, ಆದ್ದರಿಂದ ಹತ್ತು ಕೆ.ಜಿ. ಆಚೀಚೆ ಆಗಿದ್ದರೆ ನಾನು ಪ್ರಶ್ನಿಸುತ್ತಿರಲಿಲ್ಲ. 52 ಕೆ.ಜಿ. ವ್ಯತ್ಯಾಸವನ್ನು ಹಾಗೆ ಬಿಡಲಾಗದು. ಅಷ್ಟು ನೀರು ಕೆಲವೇ ಗಂಟೆಗಳಲ್ಲಿ ಗೋಣಿಚೀಲದಿಂದ ಆರಿಹೋಗುವುದಿಲ್ಲ. ಉದುರಿದ ಕಾಯಿಯನ್ನೂ ನಿಮ್ಮ ಹಮಾಲರೇ ಗುಡಿಸಿ ಚೀಲಕ್ಕೆ ತುಂಬಿದ್ದಾರೆ.

ನೀವು ಆರಾರು ಚೀಲದಂತೆ 20 ಸಲ ತೂಗಿದ್ದೀರಿ. 52ನ್ನು 20ಕ್ಕೆ ಹಂಚಿದರೆ ಸಲಕ್ಕೆ 2.6 ಕೆ.ಜಿ. ಬರುತ್ತದೆ. ಕಾಟಾ ಸೊನ್ನೆಗೆ ಬಾರದೆ ಕಡಿಮೆಯಿಂದಲೇ ಶುರುವಾದರೆ ಪ್ರತಿ ತೂಕದಲ್ಲೂ ಅಷ್ಟೇ ಖೋತಾ ಬೀಳುತ್ತದೆ. ಹಲಗೆ ಪಕ್ಕದ ಗೋಡೆಗೋ ಚೌಕಟ್ಟಿಗೋ ತಾಗುತ್ತಿದ್ದರೂ ಭಾರವೆಲ್ಲ ತೂಕ ಅಳೆಯುವ ಸೆಲ್‌ಗೆ ಬೀಳದೆ ಕಡಿಮೆ ತೋರಿಸುತ್ತದೆ. ಮುದ್ರೆಯ 20 ಕೆ.ಜಿ. ಕಲ್ಲುಗಳನ್ನಿಟ್ಟು ಪರೀಕ್ಷಿಸಿದರೆ ಹತ್ತು ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಆ ದಿನದ 20 ತೂಕಗಳ ದಾಖಲೆಯನ್ನು ದಯವಿಟ್ಟು ಅಳಿಸದೆ ಇಡಿ.

ಎರಡನೆಯದು ಚೀಲ. ಚೀಲಕ್ಕೆ 2 ಕೆ.ಜಿ.ಯಂತೆ 240 ಕೆ.ಜಿ. ತೆಗೆದಿದ್ದೀರಿ. ಹತ್ತು ಖಾಲಿ ಚೀಲಗಳನ್ನು ನಿಮ್ಮ ಕಾಟಾದ ಮೇಲೇ ಇಟ್ಟಾಗ 9 ಕೆ.ಜಿ. ಬಂದಿದ್ದನ್ನು ಗುಮಾಸ್ತರು ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಬರೆದಿದ್ದಾರೆ. ಆ ಲೆಕ್ಕಕ್ಕೆ 120 ಚೀಲ ಎಂದರೆ 108 ಕೆ.ಜಿ. ಉಳಿದ 132 ಕೆ.ಜಿ. ಸೂಟು. ಅದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ.

ಮೂರನೆಯದು ತೇವಾಂಶ. ಇದರಲ್ಲಿ ಅಳತೆಯೂ ತಪ್ಪಿದೆ, ಲೆಕ್ಕವೂ ತಪ್ಪಿದೆ. ಸ್ಯಾಂಪಲ್ ತೆಗೆದದ್ದು ಲಾರಿಯ ಹಿಂಬಾಗಿಲ ಪಕ್ಕದ ನಾಲ್ಕು ಚೀಲದಿಂದ ಮಾತ್ರ. ರಾತ್ರಿಯ ಇಬ್ಬನಿ ಬೀಳುವುದು ಆ ಅಂಚಿನ ಚೀಲಗಳಿಗೇ. 120 ಚೀಲದ ಮಾಲಿಗೆ ಮೇಲೆ, ನಡುವೆ, ಅಡಿಯಿಂದ ಕನಿಷ್ಠ ಹನ್ನೆರಡು ಚೀಲವಾದರೂ ಚುಚ್ಚಿ, ಎಲ್ಲವನ್ನೂ ಬೆರೆಸಿ ಅಳೆಯಬೇಕು. ಮೇಲಾಗಿ ಕಾಯಿಯನ್ನು ಸಿಪ್ಪೆ ಸಮೇತ ಜಜ್ಜಿ, ಮೀಟರನ್ನು ಬಿಡಿಸಿದ ಕಾಳಿನ ಅಳತೆಗೆ ಇಟ್ಟು ಓದಿದ್ದಾರೆ. ಕಾಳಿನಲ್ಲಿ ಎಣ್ಣೆ ಇರುವುದರಿಂದ ಅದು ನೀರು ಹಿಡಿಯುವುದು ಕಡಿಮೆ. ಸಿಪ್ಪೆ ಹೆಚ್ಚು ಹಿಡಿಯುತ್ತದೆ. ಕಾಳಿಗೆ ಹೊಂದಿಸಿದ ಮೀಟರಿಗೆ ಸಿಪ್ಪೆ ಹಾಕಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ. ನಿಮಗೆ ಬಂದದ್ದು ಶೇ. 11.2.

ಅದೇ ಸ್ಯಾಂಪಲ್‌ನ ಇನ್ನೆರಡು ಭಾಗಗಳನ್ನು ಅಲ್ಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯಾಡದಂತೆ ಅಂಟಿಸಿ, ಗುಮಾಸ್ತರೂ ನಾನೂ ಸಹಿ ಮಾಡಿದ್ದೇವೆ. ಒಂದನ್ನು ಮರುದಿನವೇ ಪ್ರಯೋಗಾಲಯಕ್ಕೆ ಕೊಟ್ಟೆ. ಅಲ್ಲಿ 200 ಗ್ರಾಂ ಕಾಯಿಯನ್ನು 130 ಡಿಗ್ರಿ ಒಲೆಯಲ್ಲಿ 6 ಗಂಟೆ ಒಣಗಿಸಿದ ಮೇಲೆ 181.6 ಗ್ರಾಂ ಉಳಿದಿದೆ. ಅಂದರೆ ತೇವಾಂಶ ಶೇ. 9.2. ಇಬ್ಬನಿ ತಾಗಿದ ಆ ನಾಲ್ಕು ಚೀಲಗಳದ್ದೇ ಅಂಕಿಯಾದರೂ ಇಡೀ ಮಾಲಿಗೆ ಇದನ್ನೇ ಹಿಡಿಯಲು ನಾನು ಒಪ್ಪುತ್ತೇನೆ. ಸಹಿಯಿರುವ ಇನ್ನೊಂದು ಭಾಗ ನಿಮ್ಮ ಬಳಿಯೇ ಇದೆ.

ಇನ್ನು ಲೆಕ್ಕ. ಶೇ. 8ಕ್ಕೆ ಮೇಲಿನ ಪ್ರತಿ ಅಂಕಕ್ಕೆ ನೂರಕ್ಕೆ 1.5ರಂತೆ, ಒಟ್ಟು 4.8 ತೆಗೆದಿದ್ದೀರಿ, ಅದನ್ನೂ ಚೀಲ ಸೇರಿದ 4,668ರ ಮೇಲೆ, 224 ಕೆ.ಜಿ. ಗೋಣಿಗೂ ಶೇಂಗಾದ ತೇವಾಂಶ ಹಿಡಿದಂತಾಯಿತು. ಒಣಗಿಸಿದಾಗ ಹೋಗುವುದು ನೀರು ಮಾತ್ರ, ಒಣ ಪದಾರ್ಥ ಅಷ್ಟೇ ಇರುತ್ತದೆ. ಶೇ. 8ಕ್ಕೆ ಇಳಿಸಿದಾಗ ಎಷ್ಟು ತೂಕ ಉಳಿಯುತ್ತದೆ ಎಂಬುದಕ್ಕೆ ಸೂತ್ರ ಇದು:

ನಿವ್ವಳ ತೂಕ × (100 − ತೇವಾಂಶ) ÷ (100 − 8)

ಹೀಗೆ ನೋಡಿದರೆ ಒಂದು ಅಂಕಕ್ಕೆ ಇಳಿಯುವುದು ನೂರಕ್ಕೆ ಸುಮಾರು 1.09, 1.5 ಅಲ್ಲ.

ನಾಲ್ಕನೆಯದು ದರ. ತೇವದ ಮಾಲು ಎಂದು ಕ್ವಿಂಟಲ್‌ಗೆ 150 ರೂ. ಇಳಿಸಿ 6,250 ಹಿಡಿದಿದ್ದೀರಿ. ತೇವಕ್ಕೆ ತೂಕದಲ್ಲಿ ಒಮ್ಮೆ ತೆಗೆದ ಮೇಲೆ ದರದಲ್ಲಿ ಮತ್ತೊಮ್ಮೆ ತೆಗೆಯುವುದು ಒಂದೇ ಕಾರಣಕ್ಕೆ ಎರಡು ಸಲ ಹಣ ಹಿಡಿದಂತೆ. ಒಣಗಿಸುವ ಖರ್ಚು ನಮ್ಮ ಮಾತಿನಲ್ಲಿ ಇರಲೇ ಇಲ್ಲ.

ಸರಿಯಾದ ಲೆಕ್ಕ:

ಚೀಲ ಸೇರಿ ತೂಕ: 4,720 ಕೆ.ಜಿ.
ಚೀಲದ ತೂಕ: 108 ಕೆ.ಜಿ.
ನಿವ್ವಳ ಕಾಯಿ: 4,612 ಕೆ.ಜಿ.
ಶೇ. 8 ತೇವಾಂಶಕ್ಕೆ: 4,612 × 90.8 ÷ 92 = 4,551.8 ಕೆ.ಜಿ.
6,400 ರೂ. ದರದಲ್ಲಿ: 2,91,315 ರೂ.
ಹಮಾಲಿ ಕಳೆದು: 2,89,875 ರೂ.
ಈಗಾಗಲೇ ಬಂದದ್ದು: 2,61,310 ರೂ.
ಬಾಕಿ: 28,565 ರೂ.

ನಿಮ್ಮ ಚೀಟಿಯಲ್ಲಿ ತೂಕ 4,204 ಕೆ.ಜಿ. ವ್ಯತ್ಯಾಸ 347.8 ಕೆ.ಜಿ. ಅದರಲ್ಲಿ ಕಾಟಾದ್ದು 52, ಚೀಲದ್ದು 132, ತೇವಾಂಶದ್ದು 163.8. ಇದರ ಬೆಲೆ 22,259 ರೂ.; ದರ ಇಳಿಸಿದ್ದರಿಂದ 6,306 ರೂ. ಎರಡೂ ಸೇರಿ ಮೇಲಿನ ಬಾಕಿ.

ಪ್ರಯೋಗಾಲಯದ ವರದಿಯನ್ನು ನೀವು ಒಪ್ಪದಿದ್ದರೂ, ನಿಮ್ಮದೇ 11.2ನ್ನು ಸೂತ್ರಕ್ಕೆ ಹಾಕಿ ನೋಡಿ. 4,612 × 88.8 ÷ 92 = 4,451.6 ಕೆ.ಜಿ. ಹಮಾಲಿ ಕಳೆದು 2,83,462 ರೂ. ಆಗುತ್ತದೆ. ಆಗಲೂ 22,152 ರೂ. ನನಗೆ ಬರಬೇಕು. ತೇವಾಂಶದ ಅಂಕಿಯ ಬಗ್ಗೆ ಚರ್ಚೆ ಇರುವುದು ಉಳಿದ 6,413 ರೂ.ಗೆ ಮಾತ್ರ.

ಆದ್ದರಿಂದ ಡಿಸೆಂಬರ್ 1ರೊಳಗೆ 28,565 ರೂ. ನನ್ನ ಅದೇ ಖಾತೆಗೆ ಜಮಾ ಮಾಡಿ. ತೇವಾಂಶದ ಬಗ್ಗೆ ಮಾತ್ರ ಸಂಶಯವಿದ್ದರೆ 22,152 ರೂ. ಆ ದಿನಾಂಕದೊಳಗೆ ಹಾಕಿ, ನಿಮ್ಮಲ್ಲಿರುವ ಸಹಿಯ ಸ್ಯಾಂಪಲನ್ನು ಇಬ್ಬರೂ ಒಪ್ಪುವ ಪ್ರಯೋಗಾಲಯಕ್ಕೆ ಕೊಡೋಣ. ಬಂದ ಅಂಕಿಗೆ ನಾನು ಬದ್ಧ, ಶುಲ್ಕ ಅರ್ಧರ್ಧ. ಕಾಟಾ ಪರೀಕ್ಷೆಗೆ ನೀವು ಹೇಳಿದ ದಿನ ಬರುತ್ತೇನೆ. ಗಡುವಿನೊಳಗೆ ಎರಡೂ ಆಗದಿದ್ದರೆ, ಈ ಪತ್ರ ಮತ್ತು ದಾಖಲೆಗಳೊಂದಿಗೆ ಎಪಿಎಂಸಿ ಕಾರ್ಯದರ್ಶಿಗಳಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೂ ದೂರು ಕೊಡುತ್ತೇನೆ.

ಹಿಂಗಾರಿನ ಬೀಜ, ಗೊಬ್ಬರದ ಖರ್ಚು ಈಗಲೇ ಬಂದಿದೆ. ಈ ಹಣ ತಡವಾದರೆ ಬಿತ್ತನೆಯ ಹದ ತಪ್ಪುತ್ತದೆ. ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಿಪ್ಪೇಸ್ವಾಮಿ
ಶೇಂಗಾ ಬೆಳೆಗಾರ

ಲಗತ್ತು: ವೇಬ್ರಿಡ್ಜ್‌ನ ಎರಡು ಚೀಟಿಗಳು, ದರ ಬರೆದ ಚೀಟಿ, ನಿಮ್ಮ ಲೆಕ್ಕದ ಚೀಟಿಯ ಎರಡೂ ಬದಿ, ಪ್ರಯೋಗಾಲಯದ ವರದಿ, ಬ್ಯಾಂಕ್ ಪಾಸ್‌ಬುಕ್ ಪುಟ. ಎಲ್ಲವೂ ನಕಲು, ಮೂಲ ಪ್ರತಿಗಳು ನನ್ನ ಬಳಿ ಇವೆ.