ನೀರು ಬಿಡುವ ದಿನ

ಮಳೆ ನಿಂತು ತಿಂಗಳಾದರೂ ಗೋಡೆಯ ಒದ್ದೆ ಆರಲಿಲ್ಲ. ಮೈಸೂರಿನ ಅಗ್ರಹಾರದ ಹಳೇ ಮನೆ. ಗೋಡೆ ಒಂದೇ, ಸಂಸಾರ ಎರಡು.

"ನಿಮ್ಮ ಬಚ್ಚಲಿನದ್ದೇ ಇರಬೇಕು ಸರೋಜಕ್ಕ," ಎಂದ ನಾಗರಾಜ.

"ನಮ್ಮ ಬಚ್ಚಲು ಹಿತ್ತಲಲ್ಲಿದೆಯಪ್ಪ. ಬಂದು ನೋಡು."

ನೋಡಿದ. ಆ ಕಡೆಯೂ ಅದೇ ಎತ್ತರಕ್ಕೆ ಸುಣ್ಣ ಉಬ್ಬಿ ಉದುರುತ್ತಿತ್ತು. ಸರೋಜಕ್ಕ ಒದ್ದೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ವಾರದ ಹೆಸರು ಬರೆದರು. ಇವನೂ ತನ್ನ ಕಡೆ ಎಳೆದ. ಎರಡು ವಾರದಲ್ಲಿ ಗೊತ್ತಾಯಿತು: ನಲ್ಲಿ ನೀರು ಬಿಟ್ಟ ದಿನವೇ ಒದ್ದೆ ಗೆರೆ ದಾಟುತ್ತಿತ್ತು. ಬಚ್ಚಲ ನೀರಾಗಿದ್ದರೆ ದಿನವೂ ದಾಟಬೇಕಿತ್ತಲ್ಲ.

ಗಾರೆಯವನು ಮೊಣಕಾಲೆತ್ತರದಲ್ಲಿ ಕೆತ್ತಿದ. ಉಳಿ ಠಣ್ ಎಂದಿತು. ತುಕ್ಕು ತಿಂದ ಅರ್ಧ ಇಂಚಿನ ಜಿಐ ಪೈಪು. ತುದಿಗೆ ಹೊಡೆದಿದ್ದ ಮರದ ಬೆಣೆ ಕೊಳೆತು ನೀರು ಜಿನುಗುತ್ತಿತ್ತು.

ಸರೋಜಕ್ಕ ಬಗ್ಗಿ ಅದನ್ನು ಮುಟ್ಟಿದರು. "ಈ ಗೋಡೆ ಏಳೋ ಮೊದಲು ಇಲ್ಲಿ ವಠಾರದ ನಲ್ಲಿ ಇತ್ತು ಕಣೋ. ನಿಮ್ಮಜ್ಜಿ, ನಮ್ಮತ್ತೆ ಸರದಿ ಮೇಲೆ ಕೊಡ ಇಡ್ತಿದ್ರು. ಮರೆತೇಬಿಟ್ಟಿದ್ದೆ."

ನಾಗರಾಜ ವಾಲ್ವ್ ಮುಚ್ಚಲು ಬೀದಿಗೆ ಓಡಿದ.