ಅವ್ವನ ಮೊಣಕಾಲ ಆಪರೇಷನ್ನಿಗೆ ಬ್ಯಾಗ್

ತಮ್ಮಾ, ಗುರುವಾರ ಸಂಜಿಗೆ ಅಡ್ಮಿಟ್, ಕೋಥ್ರುಡ್‌ನಿಂದ ಹೊರಡೂಕಿಂತ ಮೊದಲ ಇದನ್ನ ನೋಡಿ ಟಿಕ್ ಹಾಕು.

ಕಾಗದ: ಅವ್ವನ ಆಧಾರ್, ಪ್ಯಾನ್, ಮೆಡಿಕ್ಲೇಮ್ ಕಾರ್ಡ್, ನಿನ್ನ ಆಧಾರೂ ಇರಲಿ, ಎರಡೆರಡು ಝೆರಾಕ್ಸ್. ಎಕ್ಸ್-ರೇ, ಇಸಿಜಿ, ಎಕೋ, ರಕ್ತದ ರಿಪೋರ್ಟು, ಹಾರ್ಟ್ ಡಾಕ್ಟರ್ ಕೊಟ್ಟ ಫಿಟ್ನೆಸ್ ಚೀಟಿ ಎಲ್ಲಾ ಒಂದ ಫೈಲಿನ್ಯಾಗ. ದಿನಾ ತಗೊಳ್ಳೋ ಗುಳಿಗಿ ಸ್ಟ್ರಿಪ್ ಸಮೇತ ತಗೊಂಡು ಹೋಗು, ರಕ್ತ ತೆಳುವಾಗೋ ಗುಳಿಗಿ ಯಾವತ್ತು ನಿಲ್ಲಿಸಿದ್ರು ಅಂತ ಮೇಲೆ ಬರದಿಡು, ಅನಸ್ಥೇಶಿಯಾದವ್ರು ಕೇಳೇ ಕೇಳ್ತಾರ. ಸಲ್ಫಾ ಅಲರ್ಜಿ ಅದ ಅಂತ ಕೆಂಪು ಪೆನ್ನಿಲೆ ಬರಿ.

ಬಟ್ಟಿ: ಮುಂದ ಗುಂಡಿ ಇರೋ ಕಾಟನ್ ನೈಟಿ ನಾಕು, ಸ್ವೆಟರ್, ಶಾಲು (ಏಸಿ ಭಾಳ ಇರ್ತದ), ಹಿಂದ ಬೆಲ್ಟ್ ಇರೋ, ಜಾರದ ಚಪ್ಪಲಿ. ಬರೇ ಹವಾಯಿ ಬ್ಯಾಡ, ವಾಕರ್ ಹಿಡದು ನಡಿಯೂವಾಗ ಕಾಲಿಂದ ಜಾರ್ತಾವ.

ತಾಳಿ, ಬಳಿ, ಮೂಗುಬಟ್ಟು ಮನ್ಯಾಗ ತಗಸು, ಅವ್ವ ಒಪ್ಪಂಗಿಲ್ಲ, ನಾನ ಫೋನ್ ಮಾಡಿ ಹೇಳ್ತೀನಿ. ತಾಳಿ ಬದ್ಲಿ ಅರಿಷಿಣ ದಾರ ನಡೀತದೇನು ಅಂತ ಸಿಸ್ಟರ್‌ನ ಕೇಳು.

ಹಲ್ಲಿನ ಸೆಟ್ಟಿಗೆ ಮುಚ್ಚಳದ ಡಬ್ಬಿ, ಚಷ್ಮಾ, ಕಿವಿ ಮಷಿನ್ ಸೆಲ್. ಎಚ್ಚರಾದ ಕೂಡಲೇ ಕಿವಿ ಮಷಿನ್ ಹಾಕು, ಏನೂ ಕೇಳಸದಿದ್ರ ಗಾಬರಿ ಆಗ್ತಾಳ. ಅವ್ವಗ ಮರಾಠಿ ಬರಂಗಿಲ್ಲಲ್ಲ, ನೋವು, ನೀರು, ತಲಿಸುತ್ತು, ಬಾತ್ರೂಮ್, ಇಷ್ಟು ಮರಾಠಿಯೊಳಗ ದೊಡ್ಡದಾಗಿ ಬರದು ಹಾಸಗಿ ಹತ್ರ ಅಂಟಸು. ಜಪಮಣಿ, ಭಜನಿ ಹಾಕ್ಲಿಕ್ಕೆ ಇಯರ್‌ಫೋನ್.

ನಿನಗ: ಬೆಡ್‌ಶೀಟ್, ಟವಲ್, ಉದ್ದ ವೈರಿನ ಚಾರ್ಜರ್, ಥರ್ಮಾಸ್, ಚಿಲ್ಲರೆ ರೊಕ್ಕ. ಪಾಸ್ ಒಬ್ರಿಗೇ, ಕಳಕೋಬ್ಯಾಡ. ಶನಿವಾರ ಮುಂಜಾನೆ ನಾ ಬಂದು ಬದ್ಲಿ ಕೂಡ್ತೀನಿ.