ಬನ್ನಿರಿ ಬನ್ನಿರಿ ನಮ್ಮಯ ಮನೆಗೆ: ಅವನಿಯ ಮೂರನೆಯ ಹುಟ್ಟುಹಬ್ಬದ ಸ್ವಾಗತ ಪದ್ಯ

(ಸಾಗರದ ಹತ್ತಿರದ ಹಳ್ಳಿಮನೆ. ಫೆಬ್ರುವರಿ ತಿಂಗಳ ಸಂಜೆ. ಬಂದವರೆಲ್ಲ ಅಂಗಳದ ಚಪ್ಪರದ ಕೆಳಗೆ ಸೇರಿದ್ದಾರೆ. ಅವನಿ ಹೊಸ ಲಂಗ ತೊಟ್ಟು ಹೊಸ್ತಿಲ ಮೇಲೆ, ಅಜ್ಜಿ ಅವಳ ಪಕ್ಕದಲ್ಲಿ.)

ಅಜ್ಜಿ:
ಪ್ರೀತಿಯ ಬಂಧುಗಳೇ, ನೆರೆಮನೆಯವರೇ, ಮಕ್ಕಳೇ, ನಿಮಗೆಲ್ಲರಿಗೂ ನಮಸ್ಕಾರ. ಈ ಮನೆಗೆ ಬಂದವರನ್ನು ಮಾತನಾಡಿಸುವ ಕೆಲಸವನ್ನು ಇಷ್ಟು ವರ್ಷ ಹಿರಿಯರಾದ ನಾವು ಮಾಡುತ್ತಿದ್ದೆವು. ಇಂದು ಆ ಕೆಲಸವನ್ನು ನಮ್ಮ ಮೊಮ್ಮಗಳು ಅವನಿ ವಹಿಸಿಕೊಂಡಿದ್ದಾಳೆ, ಏಕೆಂದರೆ ನೀವು ಬಂದಿರುವುದು ಅವಳಿಗಾಗಿ, ನಿಮ್ಮನ್ನು ಒಳಗೆ ಕರೆಯುವ ಹಕ್ಕೂ ಮೊದಲು ಅವಳದೇ. ಅವಳಿಗೆಂದೇ ನಾನು ಈ ಪದ್ಯವನ್ನು ಕಟ್ಟಿದ್ದೇನೆ. ರಾತ್ರಿ ಮಲಗುವಾಗ ಎರಡೆರಡು ಸಾಲುಗಳಂತೆ ಹೇಳಿಕೊಟ್ಟಿದ್ದನ್ನು ಅವಳು ತನ್ನದೇ ಧಾಟಿಯಲ್ಲಿ ಒಪ್ಪಿಸುತ್ತಾಳೆ. ರಕಾರವಿನ್ನೂ ಅವಳ ನಾಲಿಗೆಗೆ ಒಲಿದಿಲ್ಲವಾದ್ದರಿಂದ ರೈಲು ಲೈಲಾಗಬಹುದು, ಆರತಿ ಆಲತಿಯಾಗಬಹುದು. ಅದು ಇಂದಿನ ಸೊಗಸು, ಮುಂದಿನ ವರ್ಷ ಬೇಕೆಂದರೂ ಸಿಗುವುದಿಲ್ಲವಾದ ಕಾರಣ ಯಾರೂ ತಿದ್ದಬೇಡಿ.

ನಮ್ಮ ಮಲೆನಾಡಿನಲ್ಲಿ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬಾಯಾರಿಕೆಗೆ ಬೆಲ್ಲ ಮತ್ತು ನೀರು ಕೊಡುವುದು ಹಿಂದಿನಿಂದ ನಡೆದುಬಂದಿದೆ. ಚೊಂಬು ಅವಳ ಎರಡು ಕೈಗಳಿಗೂ ದೊಡ್ಡದಾದ್ದರಿಂದ ಅದನ್ನು ಅವಳ ಅಪ್ಪ ಹಿಡಿದುಕೊಂಡಿದ್ದಾನೆ, ಬೆಲ್ಲದ ತಟ್ಟೆಯನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ. ಅದರ ಒಂದು ಮೂಲೆಯ ತುಂಡು ಈಗಾಗಲೇ ಸ್ವಲ್ಪ ಕರಗಿದಂತೆ ಕಂಡರೆ ದಯವಿಟ್ಟು ಕಾರಣವನ್ನು ಕೇಳಬೇಡಿ.

ಅವನಿ (ಕೈ ಮುಗಿದು):

ಬನ್ನಿರಿ ಬನ್ನಿರಿ ನಮ್ಮಯ ಮನೆಗೆ,
ವರುಷವು ಮೂರಾಯಿತು ನನಗೆ!
ಕಾಲಿಗೆ ನೀರಿದೆ ಚೊಂಬಿನ ತುಂಬ,
ಬೆಲ್ಲದ ತುಂಡಿದೆ ತಟ್ಟೆಯ ತುಂಬ.
ಎರಡೂ ಕೈಗಳ ಜೋಡಿಸಿ ನಾನು
ಬಗ್ಗುವೆ, ಬೀಳದೆ ನಿಲ್ಲುವೆ ನಾನು!

ಬಂದವರೆಲ್ಲಾ ಕೂಗಿರಿ ಒಮ್ಮೆ!

ಎಲ್ಲರೂ:

ಬಂದೆವು ಅವನಿ, ಬಂದೆವು ನಾವು!

ಅಜ್ಜಿ:
ನಿಮ್ಮ ಈ ಕೂಗು ಪದ್ಯದ ಭಾಗವೇ ಆಗಿದೆ. ಅವಳು "ಕೂಗಿರಿ ಒಮ್ಮೆ" ಎಂದಾಗಲೆಲ್ಲ ನೀವು ಹೀಗೆಯೇ ಗಟ್ಟಿಯಾಗಿ ಉತ್ತರ ಕೊಡಬೇಕು, ಏಕೆಂದರೆ ಉತ್ತರ ಬಾರದಿದ್ದರೆ ಅವಳು ಮುಂದಿನ ಸಾಲಿಗೆ ಹೋಗುವುದಿಲ್ಲ. ಈಗ ಕಾಲು ತೊಳೆದುಕೊಂಡು ಜಗಲಿಗೆ ಬನ್ನಿ. ಚಾಪೆಯ ಮೇಲೆ ಎಲ್ಲರಿಗೂ ಜಾಗವಿದೆ.

ಯಾರು ಯಾರು ಬಂದಿದ್ದಾರೆ ಎಂಬುದನ್ನು ಅವಳು ಬೆಳಗಿನಿಂದಲೂ ಲೆಕ್ಕ ಹಾಕುತ್ತಿದ್ದಾಳೆ. ಅವಳ ಸೋದರಮಾವ ಬೆಂಗಳೂರಿನಿಂದ ತಾಳಗುಪ್ಪದ ರೈಲಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಸಾಗರದಲ್ಲಿ ಇಳಿದಿದ್ದಾನೆ. ಅವಳ ಸೋದರತ್ತೆ ಬಂದಿರುವುದು ತುಮರಿಯ ಕಡೆಯಿಂದ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ ಆ ಕಡೆಯ ಊರುಗಳ ಜನ ಸಾಗರಕ್ಕೆ ಬರಬೇಕಾದರೆ ಲಾಂಚಿನ ಹೊತ್ತು ನೋಡಿಕೊಂಡೇ ಮನೆ ಬಿಡಬೇಕಿತ್ತು, ಸಂಜೆಯ ಸಮಾರಂಭವೆಂದರೆ ಊಟ ಮುಗಿಸುವ ಮೊದಲೇ ಎದ್ದು ಹೊರಡಬೇಕಿತ್ತು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಹಾಗಾಗಿ ಅತ್ತೆ ಇಂದು ಗಡಿಯಾರ ನೋಡದೆ ಕುಳಿತಿದ್ದಾಳೆ, ನಮಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಾಗಿಲ್ಲ. ತಾಯಿಯ ತಂದೆಯವರು ತೋಟದ ದಾರಿಯಲ್ಲಿ ನಡೆದೇ ಬಂದಿದ್ದಾರೆ. ಬರುವಾಗ ಬಿದ್ದ ಅಡಿಕೆ ಹಾಳೆಯನ್ನು ಹೆಕ್ಕಿ, ನೀರಿನಲ್ಲಿ ನೆನೆಸಿ ಮಡಿಸಿ, ಮೊಮ್ಮಗಳ ತಲೆಯ ಅಳತೆಗೆ ಸರಿಯಾಗಿ ಟೊಪ್ಪಿ ಹೊಲಿದು ತಂದಿದ್ದಾರೆ.

ಅವನಿ (ಒಬ್ಬೊಬ್ಬರನ್ನೇ ಬೆರಳು ತೋರಿಸುತ್ತ):

ರಾತ್ರಿಯ ರೈಲಲಿ ಬಂದರು ಮಾವ,
ಕೂ ಕೂ ಎನ್ನಲು ಕಲಿಸಿದ ಮಾವ!
ಸೇತುವೆ ದಾಟುತ ಬಂದರು ಅತ್ತೆ,
ಲಾಂಚನು ಕಾಯದೆ ಬಂದರು ಅತ್ತೆ!
ತೋಟದ ದಾರಿಲಿ ಬಂದರು ಅಜ್ಜ,
ಹಾಳೆಯ ಟೊಪ್ಪಿಗೆ ತಂದರು ಅಜ್ಜ!
ಬೇಲಿಯ ಸಂದಲಿ ಬಂದನು ಗೆಳೆಯ,
ಅಂಗಿಗೆ ಮಣ್ಣನು ಮೆತ್ತಿದ ಗೆಳೆಯ!

"ಅಂಬಾ" ಎಂದಿತು ಕೊಟ್ಟಿಗೆ ಕರುವು,
"ಬೌ ಬೌ" ಎಂದಿತು ಜಗಲಿಯ ನಾಯಿ,
"ಮಿಯಾಂವ್" ಎಂದಿತು ಒಲೆಬದಿ ಬೆಕ್ಕು,
"ಬನ್ನಿರಿ" ಎಂದಿತು ನನ್ನಯ ಬಾಯಿ!

ಬಂದವರೆಲ್ಲಾ ಕೂಗಿರಿ ಒಮ್ಮೆ!

ಎಲ್ಲರೂ:

ಬಂದೆವು ಅವನಿ, ಬಂದೆವು ನಾವು!

ಅಜ್ಜಿ:
ಹುಟ್ಟುಹಬ್ಬದ ದಿನ ಎಣ್ಣೆನೀರು ಎರೆಯದೆ ಹೊಸ ಬಟ್ಟೆ ತೊಡಿಸುವುದು ನಮ್ಮ ಮನೆಯ ಪದ್ಧತಿಯಲ್ಲ. ಬೆಳಿಗ್ಗೆ ಬಚ್ಚಲಿನ ಹಂಡೆಯ ಬಿಸಿನೀರಿನಲ್ಲಿ ನಡೆದ ಆ ಸಂಗತಿಯ ಸದ್ದು ಬೇಲಿಯಾಚೆಗೂ ಕೇಳಿಸಿರಬೇಕು. ಮುಂದಿನ ಪದ್ಯದಲ್ಲಿ ಅದರ ವರದಿಯಿದೆ. ಜೊತೆಗೆ, ಕಳೆದ ಮೂರು ವರ್ಷಗಳ ತನ್ನ ಚರಿತ್ರೆಯನ್ನೂ ಅವಳು ನಾಲ್ಕೇ ಸಾಲುಗಳಲ್ಲಿ ಹೇಳುತ್ತಾಳೆ. ಪ್ರತಿ ವರ್ಷಕ್ಕೂ ಒಂದೊಂದು ಬೆರಳನ್ನು ಎತ್ತಬೇಕು; ಮೂರನೆಯ ಬೆರಳು ನಿಲ್ಲಲು ಹಟ ಮಾಡಿದರೆ ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸುವ ಉಪಾಯವನ್ನು ಅವಳೇ ಕಂಡುಕೊಂಡಿದ್ದಾಳೆ.

ಅವನಿ:

ಎಣ್ಣೆಯ ನೀರನು ಎರೆದಳು ಅಜ್ಜಿ,
ಸೀಗೆಯ ಪುಡಿಯಲಿ ತಲೆಯನು ಉಜ್ಜಿ;
ಕಣ್ಣಿಗೆ ಹೋಯಿತು, ಅತ್ತೆನು ಒಮ್ಮೆ,
ಲಂಗವ ಕಂಡೆನು, ನಕ್ಕೆನು ಒಮ್ಮೆ!

ಒಂದನೆ ವರುಷದಿ ಎದ್ದೆನು, ಬಿದ್ದೆ,
ಎರಡನೆ ವರುಷದಿ ಓಡುತ ಬಿದ್ದೆ,
ಮೂರನೆ ವರುಷದಿ ಬೀಳದೆ ಬಂದು
ಬಾಗಿಲ ಬಳಿಯಲಿ ನಿಂತೆನು ಇಂದು!

ಅಜ್ಜಿ:
ಇನ್ನು ಉಡುಗೊರೆಯ ವಿಷಯ. ಆಮಂತ್ರಿಸುವಾಗಲೇ ಏನನ್ನೂ ತರಬೇಡಿ ಎಂದು ಕೇಳಿಕೊಂಡಿದ್ದೆವು, ಆದರೂ ಕೆಲವರ ಕೈಚೀಲಗಳು ಉಬ್ಬಿಕೊಂಡಿರುವುದು ಕಾಣುತ್ತಿದೆ. ತಂದವರಿಗೂ ತಾರದವರಿಗೂ ಇಲ್ಲಿ ಸಲ್ಲುವ ಮಾತು ಒಂದೇ, ಅದನ್ನು ಅವಳ ಬಾಯಿಂದಲೇ ಕೇಳಿ. ಕೆನ್ನೆ ಹಿಂಡುವ ಅಭ್ಯಾಸವುಳ್ಳ ಹಿರಿಯರು ಮೂರನೆಯ ಸಾಲನ್ನು ವಿಶೇಷವಾಗಿ ಗಮನಿಸಬೇಕೆಂದು ನಾನು ಪ್ರೀತಿಯಿಂದ ಕೋರುತ್ತೇನೆ. ಅದು ಅವಳು ಅಳುತ್ತ ಹೇಳಿದ ಮಾತು, ನಾನು ಅದಕ್ಕೆ ಪ್ರಾಸವನ್ನು ಮಾತ್ರ ಸೇರಿಸಿದ್ದೇನೆ.

ಅವನಿ (ಎರಡು ಕೆನ್ನೆಗಳನ್ನೂ ಅಂಗೈಯಿಂದ ಮುಚ್ಚಿಕೊಂಡು):

ಉಡುಗೊರೆ ಇದ್ದರೆ ಅಲ್ಲಿಯೆ ಇಡಿರಿ,
ಇಲ್ಲದೆ ಇದ್ದರೆ ಸುಮ್ಮನೆ ನಗಿರಿ;
ಕೆನ್ನೆಯ ಹಿಂಡದೆ ಹತ್ತಿರ ಕರೆಯಿರಿ,
ಮಡಿಲಲಿ ಜಾಗವ ನನಗೂ ಕೊಡಿರಿ.
ಆನೆಯ ಕತೆಯನು ಈಗಲೆ ಹೇಳಿ,
ಗುಮ್ಮನ ಕತೆಯನು ನಾಳೆಗೆ ಹೇಳಿ!

ಬಂದವರೆಲ್ಲಾ ಕೂಗಿರಿ ಒಮ್ಮೆ!

ಎಲ್ಲರೂ:

ಬಂದೆವು ಅವನಿ, ಬಂದೆವು ನಾವು!

ಅಜ್ಜಿ:
ಇದು ಆಲೆಮನೆಯ ಕಾಲವಾದ್ದರಿಂದ ಅವಳ ಹುಟ್ಟುಹಬ್ಬಕ್ಕೆ ತಾಜಾ ಕಬ್ಬಿನ ಹಾಲಿನ ಯೋಗ ತಾನಾಗಿಯೇ ಕೂಡಿಬರುತ್ತದೆ. ಆ ಹಾಲಿನಿಂದ ಮಾಡಿದ ತೊಡದೇವು ಇಂದಿನ ಮುಖ್ಯ ತಿಂಡಿ. ಮಧ್ಯಾಹ್ನ ಅವನಿ ಒಲೆಯಿಂದ ನಾಲ್ಕು ಮಾರು ದೂರದಲ್ಲಿ ಮಣೆ ಹಾಕಿಸಿಕೊಂಡು ಕುಳಿತು ಅದನ್ನೆಲ್ಲ ನೋಡಿದ್ದಾಳೆ: ಬೆಂಕಿಯ ಮೇಲೆ ಬೋರಲು ಹಾಕಿದ ಮಡಕೆ, ಅಕ್ಕಿಹಿಟ್ಟು ಮತ್ತು ಕಬ್ಬಿನ ಹಾಲು ಸೇರಿದ ತೆಳುವಾದ ಹಿಟ್ಟು, ಅದರಲ್ಲಿ ಅದ್ದಿ ಮಡಕೆಯ ಬೆನ್ನಿನ ಮೇಲೆ ಸರ್ರನೆ ಎಳೆಯುವ ಬಟ್ಟೆ. ಎಳೆದ ಕ್ಷಣಕ್ಕೆ ಹಿಟ್ಟು ಕಾಗದದಷ್ಟು ತೆಳ್ಳಗೆ ಅಂಟಿಕೊಳ್ಳುತ್ತದೆ, ಅಂಚು ಬಿಡುತ್ತಿದ್ದಂತೆ ಎಬ್ಬಿಸಿ ಬಿಸಿಯಿರುವಾಗಲೇ ಮಡಿಸಬೇಕು. ಒಂದು ಗಳಿಗೆ ತಡವಾದರೆ ಅದು ಗರಿಗರಿಯಾಗಿ ಕೈಯಲ್ಲೇ ಮುರಿಯುತ್ತದೆ. ಮುರಿದುಹೋದವುಗಳಿಗೆಲ್ಲ ಅವನಿಯೇ ಒಡತಿಯಾದ್ದರಿಂದ, ಅವಳ ಅಮ್ಮ ಮಡಿಸುವಾಗಲೆಲ್ಲ ಅವಳು ಬಹಳ ಆಸೆಯಿಂದ ಕಾಯುತ್ತಿದ್ದಳು. ಹಲಸಿನ ಹಪ್ಪಳ ಕಳೆದ ಬೇಸಿಗೆಯಲ್ಲಿ ಒಣಗಿಸಿಟ್ಟದ್ದು, ಪಾಯಸ ಈಗಷ್ಟೇ ಒಲೆಯಿಂದ ಇಳಿದಿದೆ.

ಅವನಿ:

ಗರಿಗರಿ ತೊಡದೇವ್ ತಟ್ಟೆಯಲುಂಟು,
ಮೆಲ್ಲಗೆ ಹಿಡಿಯಿರಿ, ಮುರಿಯುವುದುಂಟು!
ಹಲಸಿನ ಹಪ್ಪಳ ಕರುಮುರು ಎಂದು
ಬಾಯಿಯ ಒಳಗಡೆ ಹಾಡಿತು ಬಂದು!
ಪಾಯಸ ನನ್ನದು, ಪಾಯಸ ನಿಮ್ಮದು,
ಮೂಗಿಗೆ ಮೆತ್ತಿದ ಪಾಯಸ ನನ್ನದು!

ಅಜ್ಜಿ:
ತಿಂಡಿಗೆ ಮೊದಲು ಆರತಿಯಿದೆ. ಕೇಕ್ ಕೊಯ್ದು ಮೇಣದ ಬತ್ತಿ ಆರಿಸುವ ಮನೆಗಳಿಗೂ ಅವನಿ ಹೋಗಿ ಬಂದಿದ್ದಾಳೆ, ಅಲ್ಲಿ ಜೋರಾಗಿ ಚಪ್ಪಾಳೆಯನ್ನೂ ತಟ್ಟಿದ್ದಾಳೆ. ಆದ್ದರಿಂದ ನಮ್ಮ ಆರತಿಯ ದೀಪವನ್ನು ಕಂಡಾಗ ಅವಳ ತುಟಿಗಳು ತಾವಾಗಿಯೇ ಮುಂದಕ್ಕೆ ಬರುತ್ತವೆ. ಊದಬೇಡವೆಂದು ಗದರುವುದು ನನಗೆ ಇಷ್ಟವಾಗಲಿಲ್ಲ. ಊದುವ ಆಸೆಗೆ ಒಂದು ಪುಗ್ಗೆಯನ್ನು ಕೊಟ್ಟು, ದೀಪ ಉರಿಯಲಿ ಎನ್ನುವ ಮಾತನ್ನು ಅವಳ ಬಾಯಿಗೇ ಇಟ್ಟಿದ್ದೇನೆ. ಈ ನಾಲ್ಕು ಸಾಲುಗಳನ್ನು ಅವಳು ಮಣೆಯ ಮೇಲೆ ಕುಳಿತು ಹೇಳುತ್ತಾಳೆ, ಮುತ್ತೈದೆಯರು ಆರತಿ ತಟ್ಟೆಯೊಂದಿಗೆ ಮುಂದೆ ಬರಬೇಕು.

ಅವನಿ (ಮಣೆಯ ಮೇಲೆ):

ಆರತಿ ತಟ್ಟೆಯು ಬಂದಿತು ಮುಂದೆ,
ಅಲುಗದೆ ಮಣೆಯಲಿ ಕೂರುವೆನೆಂದೆ;
ದೀಪವನೂದೆನು, ಉರಿಯಲಿ ಎಂದೆ,
ಪುಗ್ಗೆಯ ಮಾತ್ರವೆ ಊದುವೆನೆಂದೆ!

(ಆರತಿ, ಅಕ್ಷತೆ, ಹಿರಿಯರ ಆಶೀರ್ವಾದ.)

ಅಜ್ಜಿ:
ನೂರ್ಕಾಲ ಬಾಳು, ಮಗುವೇ. ಹಿರಿಯರು ಹಾಕಿದ ಅಕ್ಷತೆಯೆಲ್ಲ ನಿನ್ನ ತಲೆಯ ಮೇಲಿನ ಹಾಳೆ ಟೊಪ್ಪಿಯಲ್ಲಿ ನಿಂತಿದೆ, ಅದನ್ನು ಹಾಗೆಯೇ ಇಟ್ಟುಕೊಂಡು ಕೊನೆಯ ಪದ್ಯವನ್ನು ಹೇಳು. ಬಂದ ಮಕ್ಕಳೆಲ್ಲ ಈಗಲೇ ಎದ್ದು ನಿಲ್ಲಬಹುದು, ಏಕೆಂದರೆ ಈ ಪದ್ಯದ ಕೊನೆಯ ಸಾಲು ಮುಗಿದ ಮೇಲೆ ಎದ್ದರೆ ಅವಳು ಸಿಗುವುದಿಲ್ಲ. ಚಪ್ಪರದ ಕಂಬಗಳ ನಡುವೆ ಹಗ್ಗ ಕಟ್ಟಿಲ್ಲ, ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನೂ ಬೆಳಿಗ್ಗೆಯೇ ಬಳಿದು ಮೂಟೆ ಕಟ್ಟಿದ್ದೇವೆ. ಓಡುವುದಕ್ಕೆ ಎಲ್ಲ ಕಡೆಯೂ ಜಾಗವಿದೆ.

ಅವನಿ (ಮಣೆಯಿಂದ ಎದ್ದು, ಲಂಗವನ್ನು ಎರಡು ಕೈಗಳಲ್ಲೂ ಎತ್ತಿ ಹಿಡಿದು):

ಪದ್ಯವು ಮುಗಿಯಿತು, ಕೈಗಳ ತಟ್ಟಿ,
ತಟ್ಟದೆ ಹೋದರೆ ನನ್ನನು ಮುಟ್ಟಿ!
ಒಂದೂ, ಎರಡೂ, ಮೂರೂ ಎಂದೆ,
ಓಡುವೆ ಮುಂದಕೆ, ಬನ್ನಿರಿ ಹಿಂದೆ!